ಒಂದೇ ಅಳತೆ, ಐದು ತೋಳು

ಬಟ್ಟೆ ಕೊಳ್ಳೋ ಆ್ಯಪ್ ತೆಗೆದು ಕುರ್ತಾ ಅಥವಾ ಟಾಪ್ ಹುಡುಕಿದರೆ ಪಕ್ಕದಲ್ಲಿ ಒಂದು ಪಟ್ಟಿ ಬರುತ್ತೆ: ರಾಗ್ಲಾನ್, ಡಾಲ್ಮನ್, ಬಿಷಪ್, ಕ್ಯಾಪ್, ಬೆಲ್. ನಮ್ಮಲ್ಲಿ ಬಹಳ ಜನ ಆ ಪಟ್ಟಿಯನ್ನ ಮುಟ್ಟದೆ ಫೋಟೋ ನೋಡಿ ಆರ್ಡರ್ ಮಾಡ್ತೀವಿ. ಬಟ್ಟೆ ಮನೆಗೆ ಬಂದ ಮೇಲೆ ಗೊತ್ತಾಗುತ್ತೆ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿದರೆ ಇಡೀ ಟಾಪ್ ಸೊಂಟದಿಂದ ಮೇಲೆ ಬರ್ತಾ ಇದೆ ಅಂತ. ಸೈಜ್ ಸರಿ ಇದೆ, ಎದೆ ಅಳತೆ ಸರಿ ಇದೆ, ಆದರೂ ಹೀಗೆ ಯಾಕೆ? ಉತ್ತರ ತೋಳಿನಲ್ಲಿದೆ.

ಸಂಘದ ನಾಟಕಕ್ಕೆ ವಸ್ತ್ರಾಲಂಕಾರ ನೋಡಿಕೊಳ್ಳೋ ನಾವು ನಾಲ್ಕು ಜನ ಈ ಸಲ ಹಳೇ ಇಂಜಿನಿಯರಿಂಗ್ ಡ್ರಾಯಿಂಗ್ ಶೀಟ್‌ಗಳನ್ನ ಕತ್ತರಿಸಿ, ಒಂದೇ ಅಳತೆಗೆ ಐದೂ ಬಗೆಯ ತೋಳು ಮಾಡಿ ನೋಡಿದೆವು. ಅದರಲ್ಲಿ ಕಂಡದ್ದನ್ನ ಇಲ್ಲಿ ಹಂತ ಹಂತವಾಗಿ ಬರೀತಿದ್ದೇವೆ. ಗೊಂದಲ ಆಗಬಾರದು ಅಂತ ಬಟ್ಟೆಯದಕ್ಕೆ ತೋಳು, ನಮ್ಮ ಮೈಯದಕ್ಕೆ ಕೈ ಅಂತ ಕರೀತೀವಿ.

ಯಾವ ತೋಳು ಕಂಡರೂ ಎರಡೇ ಪ್ರಶ್ನೆ ಕೇಳಿ. ತೋಳು ಮತ್ತು ಮೈಭಾಗ ಸೇರೋ ಹೊಲಿಗೆ ಎಲ್ಲಿದೆ? ಕೈಗೆ ಬೇಕಾದ್ದಕ್ಕಿಂತ ಹೆಚ್ಚಿರೋ ಬಟ್ಟೆ ಎಲ್ಲಿದೆ? ಮೊದಲನೆಯದು ಭುಜ ಹೇಗೆ ಕಾಣುತ್ತೆ ಅನ್ನೋದನ್ನ ಹೇಳುತ್ತೆ. ಎರಡನೆಯದು ನೋಡುವವರ ಕಣ್ಣು ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಹೇಳುತ್ತೆ. ಎರಡೂ ಸೇರಿ ಕೈ ಎಷ್ಟು ಎತ್ತಬಹುದು ಅನ್ನೋದನ್ನ ತೀರ್ಮಾನ ಮಾಡುತ್ತವೆ.

ಮೊದಲು ಮಾಮೂಲಿ ತೋಳು

ಐದಕ್ಕೂ ಮೊದಲು ನಮ್ಮ ಶರ್ಟು, ಚೂಡಿದಾರ್ ಟಾಪ್‌ಗಳಲ್ಲಿರೋ ಮಾಮೂಲಿ ತೋಳನ್ನ ನೋಡಬೇಕು. ಇದರಲ್ಲಿ ಹೊಲಿಗೆ ಭುಜದ ಮೂಳೆಯ ತುದಿಯಿಂದ ಇಳಿದು ಕಂಕುಳ ಸುತ್ತಿ ಬರುತ್ತೆ. ಮೈಭಾಗದಲ್ಲಿರೋ ಆ ತೂತಿಗೆ ಟೈಲರ್‌ಗಳು ಆರ್ಮ್‌ಹೋಲ್ ಅಂತಾರೆ. ತೋಳನ್ನ ಬಿಚ್ಚಿ ಟೇಬಲ್ ಮೇಲೆ ಹಾಸಿದರೆ ಅದು ಬರೀ ಆಯತ ಅಲ್ಲ. ಮೇಲ್ಗಡೆ ಒಂದು ಗುಡ್ಡ ಇರುತ್ತೆ.

ಈ ಗುಡ್ಡ ಎಲ್ಲಿಂದ ಬಂತು? ಮೊದಲನೇ ಸೆಮಿಸ್ಟರ್‌ನ ಡೆವಲಪ್‌ಮೆಂಟ್ ಆಫ್ ಸರ್ಫೇಸಸ್ ನೆನಪು ಮಾಡಿಕೊಳ್ಳಿ. ಒಂದು ಸಿಲಿಂಡರನ್ನ ಓರೆಯಾಗಿ ಕತ್ತರಿಸಿ, ಪಕ್ಕದಲ್ಲಿ ಸೀಳಿ ಹರಡಿದರೆ ಮೇಲಂಚು ಅಲೆಯ ಹಾಗೆ ಬರುತ್ತೆ. ಕೈ ಒಂದು ಸಿಲಿಂಡರ್, ಅದು ಮೈಗೆ ಓರೆಯಾಗಿ ಸೇರುತ್ತೆ, ತೋಳಿನ ಗುಡ್ಡ ಅಂದರೆ ಅದೇ ಅಲೆ. ಕೈ ಸಾಮಾನ್ಯವಾಗಿ ಮುಂದಕ್ಕೆ ಚಲಿಸುತ್ತೆ ಅಂತ ಮುಂಭಾಗದ ಗೆರೆಯನ್ನ ಸ್ವಲ್ಪ ಹೆಚ್ಚು ಒಳಗೆ ಕೊರೀತಾರೆ. ಹಾಗಾಗಿ ಎರಡು ಪಕ್ಕ ಪೂರ್ತಿ ಸಮ ಇರಲ್ಲ. ಅಷ್ಟೇ ವ್ಯತ್ಯಾಸ.

ಈಗ ಅಳತೆ. ನಾವು ಮಾದರಿಗೆ ತೆಗೆದುಕೊಂಡ ಗೆಳತಿಯ ಟಾಪ್‌ನ ಆರ್ಮ್‌ಹೋಲ್ ಸುತ್ತಳತೆ 42 ಸೆಂಟಿಮೀಟರ್. ಮೇಲ್ಗೈ ಸುತ್ತಳತೆ 27. ಭುಜದ ತುದಿಯಿಂದ ಮಣಿಕಟ್ಟಿನವರೆಗೆ 56. ಗುಡ್ಡದ ಒಂದೊಂದು ಇಳಿಜಾರು ಆರ್ಮ್‌ಹೋಲ್‌ನ ಅರ್ಧಕ್ಕೆ, ಅಂದರೆ ಸುಮಾರು 21ಕ್ಕೆ ಹೊಂದಬೇಕು. ಇಳಿಜಾರನ್ನ ನೇರ ಗೆರೆ ಅಂತ ಇಟ್ಟುಕೊಂಡರೆ ಅದು ಕರ್ಣ, ಗುಡ್ಡದ ಎತ್ತರ ಒಂದು ಬಾಹು, ತೋಳಿನ ಅರ್ಧ ಅಗಲ ಇನ್ನೊಂದು ಬಾಹು. ಹೈಸ್ಕೂಲಿನ ಪೈಥಾಗರಸ್ ಸಾಕು.

ಗುಡ್ಡದ ಎತ್ತರ 14 ಇಟ್ಟರೆ: √(21² − 14²) ≈ 15.7, ತೋಳಿನ ಪೂರ್ತಿ ಅಗಲ ಸುಮಾರು 31.

ಗುಡ್ಡದ ಎತ್ತರ 9 ಇಟ್ಟರೆ: √(21² − 9²) ≈ 19, ಪೂರ್ತಿ ಅಗಲ 38.

ನೋಡಿ, ಆರ್ಮ್‌ಹೋಲ್ ಬದಲಾಗಿಲ್ಲ. ಗುಡ್ಡ ಎತ್ತರ ಆದಷ್ಟೂ ತೋಳು ಸಪೂರ, ಗುಡ್ಡ ತಗ್ಗಾದಷ್ಟೂ ತೋಳು ಅಗಲ. ಅಷ್ಟೇ ಅಲ್ಲ, ಕಂಕುಳಿಂದ ಮಣಿಕಟ್ಟಿನವರೆಗಿನ ಒಳ ಹೊಲಿಗೆಯ ಉದ್ದವೂ ಬದಲಾಗುತ್ತೆ. ಮೊದಲನೆಯದರಲ್ಲಿ 56ರಲ್ಲಿ 14 ಕಳೆದು 42. ಎರಡನೆಯದರಲ್ಲಿ 47.

ಕೈ ಎತ್ತಿದಾಗ ಉದ್ದ ಬೇಕಾಗೋದು ಇದೇ ಒಳಪಕ್ಕದಲ್ಲಿ. ಕೈ ಕೆಳಗಿದ್ದಾಗ ಸೊಂಟದಿಂದ ಕಂಕುಳಿಗೆ, ಅಲ್ಲಿಂದ ಮಣಿಕಟ್ಟಿಗೆ ಹೋಗೋ ದಾರಿ ಮಡಚಿಕೊಂಡಿರುತ್ತೆ. ಎತ್ತಿದರೆ ಅದು ಬಿಚ್ಚಿ ನೇರ ಆಗುತ್ತೆ. ಅಲ್ಲಿ ಬಟ್ಟೆ ಸಾಲದಿದ್ದರೆ ಎಲ್ಲಿಂದಲಾದರೂ ಎಳೆದುಕೊಳ್ಳಬೇಕಲ್ಲ? ಮೈಭಾಗವನ್ನೇ ಮೇಲಕ್ಕೆ ಎಳೆಯುತ್ತೆ. ಬಸ್ಸಿನ ಕಂಬಿ ಹಿಡಿದಾಗ ಆಗೋದು ಇದೇ.

ಹಾಗಾದರೆ ಎಲ್ಲರಿಗೂ ತಗ್ಗು ಗುಡ್ಡವೇ ಇಟ್ಟರೆ ಆಯ್ತಲ್ಲ ಅಂತ ಕೇಳಬಹುದು. ಆಗಲ್ಲ. ಆ 38ರ ತೋಳು ಹಾಕಿ ಕೈ ಕೆಳಗೆ ಬಿಟ್ಟರೆ ಕಂಕುಳ ಹತ್ತಿರ ಮಿಕ್ಕ ಬಟ್ಟೆ ಓರೆ ಮಡಿಕೆಗಳಾಗಿ ನಿಲ್ಲುತ್ತೆ. ಬ್ಲೇಜರ್‌ನಲ್ಲಿ ಕೈ ಕೆಳಗಿದ್ದಾಗ ಒಂದು ಸುಕ್ಕೂ ಕಾಣಬಾರದು, ಅದಕ್ಕೇ ಅದರ ಗುಡ್ಡ ಎತ್ತರ. ಟೀ-ಶರ್ಟ್‌ನಲ್ಲಿ ಓಡಾಡಬೇಕು, ಅದಕ್ಕೇ ಗುಡ್ಡ ತಗ್ಗು. ನಿಂತಾಗಿನ ಅಚ್ಚುಕಟ್ಟು, ಎತ್ತಿದಾಗಿನ ಸಲೀಸು, ಹಿಗ್ಗದ ಬಟ್ಟೆಯಲ್ಲಿ ಎರಡೂ ಪೂರ್ತಿಯಾಗಿ ಒಟ್ಟಿಗೆ ಸಿಗಲ್ಲ. ಮುಂದಿನ ಐದು ತೋಳುಗಳನ್ನ ಈ ಕೊಡು-ಕೊಳ್ಳುವಿಕೆ ಮನಸ್ಸಲ್ಲಿಟ್ಟುಕೊಂಡೇ ನೋಡೋಣ.

ಕ್ಯಾಪ್: ಗುಡ್ಡ ಮಾತ್ರ

ಮಾಮೂಲಿ ತೋಳಿನ ಗುಡ್ಡವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನ ಬಿಟ್ಟರೆ ಅದು ಕ್ಯಾಪ್ ತೋಳು. 14 ಸೆಂಟಿಮೀಟರ್ ಗುಡ್ಡದ ಮೇಲಿನ 7 ಅಥವಾ 8 ಸೆಂಟಿಮೀಟರ್ ಸಾಕು. ಅದು ಭುಜದ ತುದಿಯನ್ನ ಟೋಪಿ ಹಾಗೆ ಮುಚ್ಚುತ್ತೆ, ಕಂಕುಳ ಕೆಳಗೆ ಸುತ್ತಿ ಬರೋದೇ ಇಲ್ಲ. ಸೀರೆ ಬ್ಲೌಸ್‌ಗಳಲ್ಲಿ ಇದನ್ನ ನಾವು ನೋಡೇ ಇರ್ತೀವಿ.

ಹೊಲಿಗೆ ಭುಜದ ತುದಿಯಲ್ಲೇ ಇದೆ, ಅದರಾಚೆಗೆ ಇನ್ನೊಂದಿಷ್ಟು ಬಟ್ಟೆ ಚಾಚಿದೆ. ಹಾಗಾಗಿ ಭುಜದ ಗೆರೆ ಇರೋದಕ್ಕಿಂತ ಉದ್ದ ಕಾಣುತ್ತೆ. ಭುಜ ಕಿರಿದಾಗಿರುವವರಿಗೆ, ಇಳಿಜಾರಾಗಿರುವವರಿಗೆ ಇದು ಸ್ವಲ್ಪ ಚೌಕಾಕಾರ ಕೊಡುತ್ತೆ. ಬಟ್ಟೆ ಗಟ್ಟಿಯಾಗಿದ್ದರೆ ರೆಕ್ಕೆ ಹಾಗೆ ಎದ್ದು ನಿಲ್ಲುತ್ತೆ, ಮೆತ್ತಗಿದ್ದರೆ ಕೈ ಮೇಲೆ ಒರಗುತ್ತೆ. ಇನ್ನೊಂದು ವಿಷಯ: ಅಂಚು ಎಲ್ಲಿ ಮುಗಿಯುತ್ತೋ ಅಲ್ಲಿ ಕಣ್ಣು ನಿಲ್ಲುತ್ತೆ. ಕ್ಯಾಪ್ ಮುಗಿಯೋದು ಮೇಲ್ಗೈಯ ದಪ್ಪ ಭಾಗದ ಹತ್ತಿರ. ಆ ಭಾಗ ಎದ್ದು ಕಾಣೋದು ಬೇಡ ಅನ್ನುವವರಿಗೆ ಮೊಣಕೈವರೆಗಿನ ತೋಳು ವಾಸಿ.

ಕೆಡೋದು ಎರಡು ಕಡೆ. ಒಂದು, ಹೊರ ಅಂಚು ಬಿಗಿಯಾಗಿದ್ದರೆ ಕೈ ಎತ್ತಿದ ಕೂಡಲೇ ಕೊರೆಯುತ್ತೆ. ಯಾಕಂದ್ರೆ ಭುಜದ ದುಂಡು ಸ್ನಾಯು ಮೇಲೆದ್ದು ಅಲ್ಲಿಗೇ ತಾಗುತ್ತೆ. ಟ್ರಯಲ್ ನೋಡುವಾಗ ಕೈಯನ್ನ ಕಿವಿಗೆ ತಾಗಿಸಿ ಇಳಿಸಿ, ಚರ್ಮದ ಮೇಲೆ ಕೆಂಪು ಗೆರೆ ಬಿತ್ತಾ ನೋಡಿ. ಎರಡು, ಕಂಕುಳ ಭಾಗದಲ್ಲಿ ತೋಳೇ ಇಲ್ಲವಾದ್ದರಿಂದ ಅಲ್ಲಿ ಆರ್ಮ್‌ಹೋಲ್ ಬಾಯಿ ತೆರೆದಿರುತ್ತೆ. ತೋಳಿರೋ ಟಾಪ್‌ನ ಅದೇ ಆರ್ಮ್‌ಹೋಲ್ ಇಟ್ಟರೆ ಒಳ ಉಡುಪು ಕಾಣುತ್ತೆ. ಅದಕ್ಕೇ ಕ್ಯಾಪ್‌ಗೆ ಆರ್ಮ್‌ಹೋಲ್‌ನ ತಳವನ್ನ ಒಂದು, ಒಂದೂವರೆ ಸೆಂಟಿಮೀಟರ್ ಮೇಲಕ್ಕೆ ತರಬೇಕು. ಉಳಿದ ಅಂಚಿಗೆ ಬಟ್ಟೆಯನ್ನ ಓರೆಯಾಗಿ ಕತ್ತರಿಸಿದ ಪಟ್ಟಿ ಕೊಟ್ಟು ಮಡಚಬೇಕು, ಓರೆ ಪಟ್ಟಿ ಮಾತ್ರ ಬಾಗುವಲ್ಲಿ ಸುಕ್ಕಿಲ್ಲದೆ ಕೂರುತ್ತೆ.

ಬೆಲ್ ಮತ್ತು ಬಿಷಪ್: ಒಂದೇ ಕಾಗದ, ಕೊನೆ ಬೇರೆ

ಈ ಎರಡನ್ನ ಒಟ್ಟಿಗೆ ಹೇಳೋಕೆ ಕಾರಣ ಇದೆ. ಎರಡರಲ್ಲೂ ಹೊಲಿಗೆ ಭುಜದ ತುದಿಯಲ್ಲೇ ಇದೆ. ಎರಡರಲ್ಲೂ ಹೆಚ್ಚಿನ ಬಟ್ಟೆ ಮಣಿಕಟ್ಟಿನ ಕಡೆ ಇದೆ. ವ್ಯತ್ಯಾಸ ಇರೋದು ಕೊನೆಯಲ್ಲಿ ಮಾತ್ರ: ಬೆಲ್‌ನಲ್ಲಿ ಬಟ್ಟೆ ಗಂಟೆಯ ಬಾಯಿ ಹಾಗೆ ಬಿಚ್ಚಿಕೊಂಡಿದೆ, ಬಿಷಪ್‌ನಲ್ಲಿ ನೆರಿಗೆ ಹಿಡಿದು ಕಫ್‌ನೊಳಗೆ ಸೇರಿಸಿದ್ದಾರೆ.

ಕಾಗದದಲ್ಲಿ ಮಾಡೋದು ಹೀಗೆ. ಗುಡ್ಡ 14, ಅಗಲ 31 ಇರೋ ನೇರ ತೋಳನ್ನ ತೆಗೆದುಕೊಳ್ಳಿ. ಮಣಿಕಟ್ಟಿನ ಅಂಚಿನಿಂದ ಮೇಲಕ್ಕೆ, ಗುಡ್ಡದ ಮೇಲಂಚಿನವರೆಗೆ ಸಮ ಅಂತರದಲ್ಲಿ ನಾಲ್ಕು ಗೆರೆ ಹಾಕಿ ಕತ್ತರಿಸಿ. ಮೇಲ್ತುದಿಯನ್ನ ಪೂರ್ತಿ ತುಂಡು ಮಾಡಬೇಡಿ, ಚೂರು ಅಂಟಿಕೊಂಡಿರಲಿ, ಅದೇ ಬಾಗಿಲಿನ ಕೀಲು. ಈಗ ಪ್ರತಿ ಸೀಳನ್ನೂ ಕೆಳಗಡೆ 6 ಸೆಂಟಿಮೀಟರ್ ತೆರೆಯಿರಿ. ನಾಲ್ಕು ಆರಲೆ 24. ಗುಡ್ಡದ ಮೇಲಂಚಿನ ಉದ್ದ ಅಷ್ಟೇ ಉಳಿಯಿತು, ಮಣಿಕಟ್ಟಿನಲ್ಲಿ ಅಗಲ 55 ಆಯ್ತು. ಆರ್ಮ್‌ಹೋಲ್‌ಗೆ ಸೇರೋ ಗೆರೆಯ ಉದ್ದ ಬದಲಾಗಿಲ್ಲವಾದ್ದರಿಂದ ಮೈಭಾಗ ಮುಟ್ಟೋ ಅಗತ್ಯವೇ ಇಲ್ಲ.

ಹರಡಿದ ಮೇಲೆ ಕೆಳಗಿನ ಅಂಚು ಬೀಸಣಿಗೆ ಹಾಗೆ ಬಾಗಿರುತ್ತೆ. ಇಲ್ಲೇ ಬಹಳ ಜನ ಎಡವೋದು. ಸ್ಕೇಲ್ ಇಟ್ಟು ನೇರ ಗೆರೆ ಹಾಕಿ ಕತ್ತರಿಸಿದರೆ ಹೊಲಿಗೆ ಪಕ್ಕದ ಎರಡು ಮೂಲೆ ಉದ್ದ ಉಳಿದು, ಕೈ ಕೆಳಗೆ ಬಿಟ್ಟಾಗ ಒಳಗಡೆ ಒಂದು ಮೂಲೆ ಜೋತು ಬೀಳುತ್ತೆ. ಬಾಗಿದ ಗೆರೆಯನ್ನೇ ಉಳಿಸಿಕೊಳ್ಳಬೇಕು. ಇನ್ನೊಂದು ಸಂಗತಿ, ತೋಳಿನ ನಡುವೆ ಹಾಸು ಎಳೆ ನೇರ ಇಳಿದಿರುತ್ತೆ, ಪಕ್ಕಗಳಲ್ಲಿ ಅದೇ ಎಳೆ ಓರೆಯಾಗಿರುತ್ತೆ. ಬಟ್ಟೆ ಓರೆಯಲ್ಲಿ ಹಿಗ್ಗುತ್ತೆ. ಹಾಗಾಗಿ ಬೆಲ್ ತೋಳನ್ನ ಹೊಲಿದು ಒಂದು ದಿನ ನೇತುಹಾಕಿ, ಇಳಿದಷ್ಟನ್ನ ಸಮ ಮಾಡಿ, ಆಮೇಲೆ ಅಂಚು ಮಡಚಬೇಕು. ಅವಸರ ಮಾಡಿದರೆ ಎರಡನೇ ವಾರಕ್ಕೇ ಅಂಚು ಏರುಪೇರಾಗುತ್ತೆ.

ಬೆಲ್‌ನ ನೋಟ ಏನು? ಮೇಲ್ಗಡೆ ಸಪೂರ, ಕೆಳಗೆ ಅಗಲ, ಅಂದರೆ ಉದ್ದನೆಯ ತ್ರಿಕೋನ. ಕಣ್ಣು ಭುಜ ಬಿಟ್ಟು ಕೈಬೆರಳ ಕಡೆ ಹೋಗುತ್ತೆ, ಆ ಅಗಲದ ಪಕ್ಕ ಮಣಿಕಟ್ಟು ತೆಳ್ಳಗೆ ಕಾಣುತ್ತೆ. ಆದರೆ ಕೈ ಕೆಳಗೆ ಬಿಟ್ಟಾಗ ಆ ಅಗಲ ಬರೋದು ಸೊಂಟ, ತೊಡೆಯ ಮಟ್ಟಕ್ಕೆ. ಎರಡೂ ಕಡೆಯ ಅಗಲ ಸೇರಿ ಆ ಭಾಗ ದೊಡ್ಡದಾಗಿ ಕಾಣುತ್ತೆ. ಅದು ಬೇಡ ಅಂದರೆ ಮೊಣಕೈ ಕೆಳಗೇ ಮುಗಿಯೋ ಮುಕ್ಕಾಲು ಬೆಲ್ ಹಾಕಿದರೆ ಅಗಲ ಸೊಂಟಕ್ಕಿಂತ ಮೇಲೆ ನಿಲ್ಲುತ್ತೆ.

ಈಗ ಬಿಷಪ್. ಹೆಸರು ಬಂದದ್ದು ಇಂಗ್ಲೆಂಡಿನ ಬಿಷಪ್‌ಗಳು ಹಾಕೋ ಬಿಳಿ ನಿಲುವಂಗಿಯಿಂದ. ಅದರ ತೋಳು ಕೆಳಗೆ ತುಂಬಿಕೊಂಡು ಮಣಿಕಟ್ಟಿನಲ್ಲಿ ಕಟ್ಟಿರುತ್ತೆ. ನಾವು ಮಾಡಿದ 55ರ ಅಂಚನ್ನೇ ನೆರಿಗೆ ಹಿಡಿದು 19 ಸೆಂಟಿಮೀಟರ್ ಕಫ್‌ಗೆ ಸೇರಿಸಿದರೆ ಬಿಷಪ್ ಆಗುತ್ತೆ. ಹೆಚ್ಚುಕಡಿಮೆ ಮೂರು ಪಟ್ಟು ಬಟ್ಟೆ ಒಂದು ಪಟ್ಟಿಯೊಳಗೆ ಹೋಗ್ತಿದೆ. ತೆಳು ಜಾರ್ಜೆಟ್‌ನಲ್ಲಿ ಇದು ಸಲೀಸು. ದಪ್ಪ ಕಾಟನ್‌ನಲ್ಲಿ ಇಷ್ಟು ನೆರಿಗೆ ಹಿಡಿದರೆ ಕಫ್ ಬಾಯಿಯಲ್ಲಿ ಗಂಟು ಕಟ್ಟಿದ ಹಾಗೆ ಆಗುತ್ತೆ. ಆಗ ಸೀಳುಗಳನ್ನ 6ರ ಬದಲು 3 ಸೆಂಟಿಮೀಟರ್ ತೆರೆದರೆ ಸಾಕು, ಅಂಚು 43ಕ್ಕೆ ನಿಲ್ಲುತ್ತೆ.

ಬಿಷಪ್‌ನ ಗುಟ್ಟು ಅಗಲದಲ್ಲಿಲ್ಲ, ಉದ್ದದಲ್ಲಿದೆ. ಕಫ್ 5 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ಲೆಕ್ಕದ ಪ್ರಕಾರ ತೋಳು 56ರಲ್ಲಿ 5 ಕಳೆದು 51 ಇರಬೇಕು. ಆದರೆ 51 ಇಟ್ಟರೆ ನೆರಿಗೆ ಬರೀ ಗೆರೆಗೆರೆಯಾಗಿ ಎಳೆದುಕೊಂಡು ನಿಲ್ಲುತ್ತೆ, ಕಫ್ ಮೇಲೆ ತುಂಬಿ ಬೀಳಲ್ಲ. ಅದಕ್ಕೇ 4 ಸೆಂಟಿಮೀಟರ್ ಹೆಚ್ಚು ಕೊಟ್ಟು 55 ಮಾಡ್ತಾರೆ. ಆ ಹೆಚ್ಚಿನ 4 ಸೆಂಟಿಮೀಟರ್ ಕಫ್‌ನ ಮೇಲೆ ಬಾಗಿ, ನಮಗೆ ಗೊತ್ತಿರೋ ಆ ಜೋಲು ಚೀಲದಂಥ ಆಕಾರ ಕೊಡುತ್ತೆ. ಕೈ ಮಡಚಿದಾಗ ಮೊಣಕೈಗೆ ಬೇಕಾಗೋ ಉದ್ದವೂ ಇಲ್ಲಿಂದಲೇ ಬರುತ್ತೆ. ಹಾಗಾಗಿ ಕಿರುಬೆರಳ ಕಡೆ ಅಂಚನ್ನ ಇನ್ನೊಂದು ಸೆಂಟಿಮೀಟರ್ ಕೆಳಕ್ಕೆ ಬಾಗಿಸ್ತಾರೆ.

ಕಫ್‌ಗೆ ಸೀಳು ಮತ್ತು ಗುಂಡಿ ಬೇಕೇ ಬೇಕು. ನಮ್ಮ ಗೆಳತಿಯ ಮಣಿಕಟ್ಟು 16, ಆದರೆ ಹೆಬ್ಬೆರಳು ಒಳಗೆ ಮಡಚಿದ ಅಂಗೈ ಸುತ್ತಳತೆ 21. ಮುಚ್ಚಿದ 19ರ ಕಫ್‌ನಲ್ಲಿ ಅಂಗೈ ತೂರಲ್ಲ. ಗುಂಡಿ ಬೇಡ ಅಂದರೆ ಎಲಾಸ್ಟಿಕ್ ಹಾಕಬೇಕು, ಇಲ್ಲವೇ ಕಫ್ ದೊಡ್ಡದು ಮಾಡಬೇಕು. ದೊಡ್ಡದು ಮಾಡಿದರೆ ಅದು ಅಂಗೈ ಮೇಲೆ ಜಾರಿ ಬಂದು ಬಿಷಪ್‌ನ ತುಂಬು ಆಕಾರವೇ ಹಾಳಾಗುತ್ತೆ.

ಬೆಲ್‌ಗೂ ಬಿಷಪ್‌ಗೂ ಇರೋ ನಿಜವಾದ ವ್ಯತ್ಯಾಸ ಕೈ ಎತ್ತಿದಾಗ ಗೊತ್ತಾಗುತ್ತೆ. ಬೆಲ್ ಮೊಣಕೈವರೆಗೆ ಜಾರಿ ಇಳಿಯುತ್ತೆ, ಬಿಷಪ್ ಕಫ್ ಹಿಡಿದಿರೋದರಿಂದ ಇದ್ದಲ್ಲೇ ಇರುತ್ತೆ. ಡ್ಯಾನ್ಸ್‌ಗೆ ಆ ಜಾರೋದೇ ಚೆಂದ. ಮೈಕ್ ಹಿಡಿದು ಎರಡು ಗಂಟೆ ನಿರೂಪಣೆ ಮಾಡೋರಿಗೆ ಅದು ತಲೆನೋವು. ನಮ್ಮ ಕಾಲೇಜಿಗೆ ಸಂಬಂಧಿಸಿದ ಇನ್ನೊಂದು ಮಾತು: ವರ್ಕ್‌ಶಾಪ್‌ನಲ್ಲಿ ಲೇತ್, ಡ್ರಿಲ್ ಮುಂದೆ ನಿಲ್ಲೋ ದಿನ ಇವೆರಡೂ ಬೇಡ. ಸಡಿಲ ಬಟ್ಟೆ ತಿರುಗೋ ಚಕ್ಕಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತೆ. ಬಿಷಪ್‌ಗೆ ಕಫ್ ಇದೆಯಲ್ಲ ಅನ್ನಬೇಡಿ, ತುಂಬು ಇರೋದು ಕಫ್‌ಗಿಂತ ಸ್ವಲ್ಪ ಮೇಲೆ, ಅದೂ ಸಿಕ್ಕಿಕೊಳ್ಳುತ್ತೆ.

ರಾಗ್ಲಾನ್: ಭುಜದಲ್ಲಿ ಗೆರೆಯೇ ಇಲ್ಲ

ಇಲ್ಲಿಯವರೆಗೆ ಹೊಲಿಗೆ ಇದ್ದಲ್ಲೇ ಇತ್ತು, ಬಟ್ಟೆ ಮಾತ್ರ ಅತ್ತಿತ್ತ ಹೋಯಿತು. ಈಗ ಹೊಲಿಗೆಯನ್ನೇ ಜಾಗ ಬದಲಿಸೋಣ.

ರಾಗ್ಲಾನ್‌ನಲ್ಲಿ ಹೊಲಿಗೆ ಕತ್ತಿನಿಂದ ಶುರುವಾಗಿ ಕಂಕುಳಿಗೆ ಓರೆಯಾಗಿ ಇಳಿಯುತ್ತೆ. ಎರಡು ಬಣ್ಣದ ಬೇಸ್‌ಬಾಲ್ ಟೀ-ಶರ್ಟ್ ನೋಡಿದ್ದೀರಲ್ಲ, ಮೈ ಬಿಳಿ, ತೋಳು ಕಪ್ಪು, ಆ ಕಪ್ಪು ಕತ್ತಿನವರೆಗೂ ಹೋಗಿರುತ್ತೆ, ಅದೇ ರಾಗ್ಲಾನ್. ಹೆಸರು ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರಾಗ್ಲಾನ್‌ನದು. 1815ರ ವಾಟರ್‌ಲೂ ಯುದ್ಧದಲ್ಲಿ ಅವನು ಬಲಗೈ ಕಳೆದುಕೊಂಡ, ಮುಂದೆ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಪಡೆಯ ಮುಖ್ಯಸ್ಥನಾಗಿದ್ದ.

ಮಾಡೋ ರೀತಿ ನಮಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಇದು ಪೂರ್ತಿ ಕತ್ತರಿಸಿ ಅಂಟಿಸೋ ಆಟ. ಮೈಭಾಗದ ಮುಂದಿನ ಕಾಗದದಲ್ಲಿ ಕತ್ತಿನ ಗೆರೆಯ ಮೇಲೆ, ಭುಜದಿಂದ 3 ಸೆಂಟಿಮೀಟರ್ ಕೆಳಗೆ ಒಂದು ಗುರುತು ಹಾಕಿ. ಅಲ್ಲಿಂದ ಆರ್ಮ್‌ಹೋಲ್‌ನ ಕೆಳಭಾಗದ ಕಡೆಗೆ ಓರೆ ಗೆರೆ ಎಳೆದು, ಮೇಲಿನ ತುಂಡನ್ನ ಕತ್ತರಿಸಿ ತೆಗೆಯಿರಿ. ಹಿಂಭಾಗದಲ್ಲೂ ಹಾಗೇ. ಈ ಎರಡು ತುಂಡುಗಳನ್ನ ತೋಳಿನ ಗುಡ್ಡದ ಎರಡು ಇಳಿಜಾರಿಗೆ ಅಂಟಿಸಿ. ಮೈಭಾಗದಿಂದ ಹೋದದ್ದು ತೋಳಿಗೆ ಬಂತು, ಒಟ್ಟು ಬಟ್ಟೆ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ.

ಅಂಟಿಸಿದ ಮೇಲೆ ಎರಡು ತುಂಡುಗಳ ನಡುವೆ, ಭುಜದ ತುದಿಯಿಂದ ಕತ್ತಿನವರೆಗೆ ವಿ ಆಕಾರದ ಒಂದು ಖಾಲಿ ಜಾಗ ಉಳಿಯುತ್ತೆ. ಅದನ್ನ ಡಾರ್ಟ್ ಆಗಿ ಹೊಲೀಬೇಕು, ಇಲ್ಲವೇ ತೋಳನ್ನ ಮುಂದೆ ಹಿಂದೆ ಅಂತ ಎರಡು ತುಂಡು ಮಾಡಿ ಭುಜದ ಮೇಲೆ ಸೇರಿಸಬೇಕು. ಭುಜ ಚಪ್ಪಟೆ ಅಲ್ಲ, ಕತ್ತಿನಿಂದ ಸಾಗಿ ಕೈ ಕಡೆಗೆ ಬಾಗುತ್ತೆ. ಆ ಬಾಗುವಿಕೆ ಕೊಡೋದು ಈ ವಿ. ಟೀ-ಶರ್ಟ್‌ನಲ್ಲಿ ಡಾರ್ಟ್ ಇರಲ್ಲ, ಯಾಕಂದ್ರೆ ಹೆಣೆದ ಬಟ್ಟೆ ತಾನೇ ಹಿಗ್ಗಿ ಬಾಗುತ್ತೆ. ಅದನ್ನೇ ನೋಡಿ ನೇಯ್ದ ಕಾಟನ್‌ನಲ್ಲೂ ಡಾರ್ಟ್ ಬಿಟ್ಟರೆ ಕತ್ತಿನ ಹತ್ತಿರ ಬಟ್ಟೆ ಎದ್ದು ನಿಲ್ಲುತ್ತೆ. ಡಾರ್ಟ್ ಇಟ್ಟು ಅದರ ತುದಿಯನ್ನ ಥಟ್ಟನೆ ಮುಗಿಸಿದರೆ ಭುಜದ ಮೇಲೆ ಮೊನೆ ಏಳುತ್ತೆ, ತುದಿಯ ಕೊನೆ 2 ಸೆಂಟಿಮೀಟರನ್ನ ನಿಧಾನಕ್ಕೆ ಸವರಿದ ಹಾಗೆ ಮುಗಿಸಬೇಕು.

ನೋಟ ಹೇಗೆ ಬದಲಾಗುತ್ತೆ? ಮಾಮೂಲಿ ತೋಳಿನಲ್ಲಿ ಭುಜದ ತುದಿಯಲ್ಲಿರೋ ನಿಲುವು ಹೊಲಿಗೆ ‘ಭುಜ ಇಲ್ಲಿಗೆ ಮುಗೀತು’ ಅಂತ ತೋರಿಸುತ್ತೆ. ರಾಗ್ಲಾನ್‌ನಲ್ಲಿ ಆ ಗುರುತೇ ಇಲ್ಲ. ಕಣ್ಣು ಕತ್ತಿನಿಂದ ಓರೆ ಗೆರೆ ಹಿಡಿದು ಒಳಕ್ಕೆ, ಕಂಕುಳ ಕಡೆಗೆ ಬರುತ್ತೆ. ಹಾಗಾಗಿ ಅಗಲ ಭುಜ ಮೆತ್ತಗೆ, ದುಂಡಗೆ ಕಾಣುತ್ತೆ. ನಮ್ಮಲ್ಲಿ ಈಜುವ ಒಬ್ಬ ಗೆಳತಿಗೆ ಮಾಮೂಲಿ ತೋಳಿನ ಟಾಪ್ ಯಾವಾಗಲೂ ಚೌಕಾಕಾರ ಕಾಣುತ್ತಿತ್ತು, ರಾಗ್ಲಾನ್‌ನಲ್ಲಿ ಹಾಗೆ ಅನ್ನಿಸಲಿಲ್ಲ. ಅದೇ ಕಾರಣಕ್ಕೆ ಮೊದಲೇ ಇಳಿಜಾರು ಭುಜ ಇರುವವರಿಗೆ ರಾಗ್ಲಾನ್ ಇನ್ನೂ ಜೋತಂತೆ ಕಾಣಿಸಬಹುದು. ತೋಳು ಬೇರೆ ಬಣ್ಣದ್ದಾದರೆ ಈ ಪರಿಣಾಮ ಇಮ್ಮಡಿ, ಒಂದೇ ಬಣ್ಣವಾದರೆ ಗೆರೆ ಮಸುಕಾಗಿ ಪರಿಣಾಮವೂ ತಗ್ಗುತ್ತೆ.

ಇನ್ನೊಂದು ಅನುಕೂಲ, ಭುಜದ ತುದಿ ಎಲ್ಲಿದೆ ಅಂತ ಕರಾರುವಾಕ್ಕಾಗಿ ಹೊಂದಿಸಬೇಕಿಲ್ಲ. ಒಂದೇ ಸ್ವೆಟರ್ ಅಣ್ಣನಿಗೂ ತಮ್ಮನಿಗೂ ಒಪ್ಪೋದು, ಒಳಗೆ ಎರಡು ಬಟ್ಟೆ ಹಾಕಿದರೂ ಮೇಲಿನ ಕೋಟು ಬಿಗಿಯಾಗದಿರೋದು ಇದರಿಂದ. ಜಾಗ್ರತೆ ಬೇಕಾದ್ದು ಓರೆ ಹೊಲಿಗೆಯಲ್ಲಿ. ಅಲ್ಲಿ ಬಟ್ಟೆ ಹಿಗ್ಗುತ್ತೆ, ಹೊಲಿಯುವಾಗ ಎಳೆದರೆ ಗೆರೆ ಅಲೆಯಲೆಯಾಗುತ್ತೆ. ಹಿಂಬದಿಯ ಹೊಲಿಗೆಗೆ ಹಿಗ್ಗದ ತೆಳು ಟೇಪ್ ಸೇರಿಸಿ ಹೊಲಿದರೆ ನಿಲ್ಲುತ್ತೆ.

ಡಾಲ್ಮನ್: ತೋಳೂ ಮೈಯೂ ಒಂದೇ

ಕೊನೆಗೆ ಹೊಲಿಗೆಯನ್ನ ಪೂರ್ತಿ ತೆಗೆದುಬಿಡೋಣ. ಡಾಲ್ಮನ್‌ನಲ್ಲಿ ಸಾಮಾನ್ಯವಾಗಿ ತೋಳು ಮೈಭಾಗದ ಜೊತೆಗೇ ಒಂದೇ ಬಟ್ಟೆಯಲ್ಲಿ ಬರುತ್ತೆ. ಕಂಕುಳ ಜಾಗ ಆಳವಾಗಿ, ಕೆಲವು ಸಲ ಸೊಂಟದ ಹತ್ತಿರದವರೆಗೂ ಇಳಿದಿರುತ್ತೆ, ಮಣಿಕಟ್ಟಿಗೆ ಬರೋ ಹೊತ್ತಿಗೆ ಕಿರಿದಾಗುತ್ತೆ. ಹೆಸರಿನ ಮೂಲ ತುರ್ಕಿಯ ಒಂದು ನಿಲುವಂಗಿ. ತುಂಬಾ ಆಳ ಇದ್ದರೆ ಬ್ಯಾಟ್‌ವಿಂಗ್ ಅಂತಾರೆ, ಕೈ ಚಾಚಿದರೆ ಬಾವಲಿ ರೆಕ್ಕೆ.

ಇದರಲ್ಲಿ ಭುಜದ ತುದಿಯೂ ಕಾಣಲ್ಲ, ಮೇಲ್ಗೈಯೂ ಕಾಣಲ್ಲ, ಎದೆಯ ಪಕ್ಕವೂ ಕಾಣಲ್ಲ. ಕತ್ತಿನಿಂದ ಮಣಿಕಟ್ಟಿನವರೆಗೆ ಒಂದೇ ಇಳಿಜಾರು. ಮೈಯ ಮೇಲರ್ಧ ತಲೆಕೆಳಗಾದ ತ್ರಿಕೋನದ ಹಾಗೆ ಅಗಲವಾಗಿ ಕಾಣುತ್ತೆ, ಅದರ ಪಕ್ಕದಲ್ಲಿ ಸೊಂಟದ ಕೆಳಭಾಗ ಕಿರಿದಾಗಿ ಕಾಣುತ್ತೆ. ಹಾಗಾಗಿ ಡಾಲ್ಮನ್ ಟಾಪ್‌ಗೆ ಬಿಗಿ ಪ್ಯಾಂಟ್ ಒಪ್ಪುತ್ತೆ. ಕೆಳಗೂ ಅಗಲ ಪಲಾಜೊ ಹಾಕಿದರೆ ಆಕಾರವೇ ಸಿಗಲ್ಲ.

ಇಷ್ಟು ಸಡಿಲ ಇದೆಯಲ್ಲ, ಕೈ ಎತ್ತೋಕೆ ಇದೇ ಸಲೀಸು ಅಂತ ಅನ್ನಿಸುತ್ತೆ. ನಿಜ ಉಲ್ಟಾ. ಮಾಮೂಲಿ ತೋಳಿನಲ್ಲಿ ನೋಡಿದ ಒಳಪಕ್ಕದ ದಾರಿ ಮತ್ತೆ ನೆನೆಸಿಕೊಳ್ಳಿ. ಡಾಲ್ಮನ್‌ನಲ್ಲಿ ಬಟ್ಟೆ ಕಂಕುಳವರೆಗೆ ಹೋಗೋದೇ ಇಲ್ಲ, ಸೊಂಟದಿಂದ ಮಣಿಕಟ್ಟಿಗೆ ಅಡ್ಡದಾರಿ ಹಿಡಿದಿದೆ. ಅಡ್ಡದಾರಿ ಯಾವಾಗಲೂ ಕಡಿಮೆ ಉದ್ದ. ಕೈ ಮೇಲೆತ್ತಿದರೆ ಬೇಕಾದಷ್ಟು ಉದ್ದ ಸಿಗದೆ ಇಡೀ ಟಾಪ್ ಮೇಲೆ ಬರುತ್ತೆ. ಆರ್ಮ್‌ಹೋಲ್ ಆಳ ಇದ್ದಷ್ಟೂ ಸ್ವಾತಂತ್ರ್ಯ ಹೆಚ್ಚು ಅನ್ನೋದು ತಪ್ಪು ತಿಳಿವಳಿಕೆ. ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸಾಗಿ ಏಳುತ್ತೆ.

ಇದಕ್ಕೆ ಹಳೆಯ ಪರಿಹಾರ ಗಸೆಟ್. ಕಂಕುಳ ಕೆಳಗೆ ಸೀಳು ಕೊಟ್ಟು ವಜ್ರಾಕಾರದ ಒಂದು ಸಣ್ಣ ತುಂಡು ಸೇರಿಸೋದು. ಪಕ್ಕಗಳು 8ರಿಂದ 10 ಸೆಂಟಿಮೀಟರ್ ಇದ್ದರೆ ಸಾಕು, ಕೊರತೆಯಾದ ಉದ್ದ ಅಲ್ಲಿ ಸಿಗುತ್ತೆ. ಕೈ ಕೆಳಗಿದ್ದಾಗ ಅದು ಮಡಚಿಕೊಂಡು ಕಾಣೋದೇ ಇಲ್ಲ. ಆದರೆ ಗಸೆಟ್ ಉಪಯೋಗಕ್ಕೆ ಬರೋದು ಕಂಕುಳಿಗೆ ಹತ್ತಿರ ಇರೋ ಸಪೂರ ಡಾಲ್ಮನ್‌ನಲ್ಲಿ. ಸೊಂಟದವರೆಗೆ ಇಳಿದ ಬ್ಯಾಟ್‌ವಿಂಗ್‌ಗೆ ಅದರಿಂದ ಹೆಚ್ಚು ಲಾಭ ಇಲ್ಲ. ಸೀಳಿನ ಮೂಲೆಗಳಲ್ಲಿ ಎಳೆತ ಜಾಸ್ತಿ, ಬಟ್ಟೆ ಹರಿಯೋದು ಅಲ್ಲೇ, ಹಾಗಾಗಿ ಮೂಲೆಗೆ ಒಳಗಿಂದ ಒಂದು ತುಂಡು ಬಟ್ಟೆ ಇಟ್ಟು ಗಟ್ಟಿ ಮಾಡಬೇಕು.

ಇನ್ನೊಂದು ಮಿತಿ ಬಟ್ಟೆಯ ಪನ್ನದ್ದು. ನಮ್ಮ ಅಂಗಡಿಗಳಲ್ಲಿ ಸಿಗೋ ಬಹಳಷ್ಟು ಕಾಟನ್ 44 ಇಂಚು, ಅಂದರೆ ಸುಮಾರು 112 ಸೆಂಟಿಮೀಟರ್ ಪನ್ನ. ನಮ್ಮ ಗೆಳತಿಯ ಭುಜದಿಂದ ಭುಜಕ್ಕೆ 37. ಎರಡೂ ಕಡೆ 56ರ ಪೂರ್ತಿ ತೋಳು ಸೇರಿಸಿದರೆ 149 ಆಯ್ತು. 112ರಲ್ಲಿ ಬರಲ್ಲ. 112ರಲ್ಲಿ 37 ಕಳೆದು ಎರಡರಿಂದ ಭಾಗಿಸಿದರೆ ಒಂದೊಂದು ಕಡೆ ಸುಮಾರು 37, ಹೊಲಿಗೆ ಮಾರ್ಜಿನ್ ಬಿಟ್ಟರೆ ಮೊಣಕೈ ದಾಟಿ ಸ್ವಲ್ಪ ಕೆಳಕ್ಕೆ ಮುಗಿಯುತ್ತೆ. ಪೂರ್ತಿ ಉದ್ದ ಬೇಕಾದರೆ ಎದೆಯ ಮಧ್ಯೆ ಒಂದು ಹೊಲಿಗೆ ಕೊಡಬೇಕು, ಇಲ್ಲವೇ ತೋಳಿಗೆ ತುಂಡು ಜೋಡಿಸಬೇಕು, ಇಲ್ಲವೇ ಅಗಲ ಪನ್ನದ ಬಟ್ಟೆ ತರಬೇಕು. ಬಟ್ಟೆ ತಂದ ಮೇಲೆ ಟೈಲರ್ ಹತ್ತಿರ ‘ಅಣ್ಣ, ಡಾಲ್ಮನ್ ಹೊಲೀರಿ’ ಅಂದರೆ ಅವರು ಪನ್ನ ಎಷ್ಟು ಅಂತ ಕೇಳೋದು ಇದಕ್ಕೇ.

ನಾಟಕಕ್ಕೆ ನಾವು ಆರಿಸಿದ್ದು

ಈ ಲೆಕ್ಕ ಎಲ್ಲ ಹಾಕಿದ ಮೇಲೆ ನಮ್ಮ ನಾಟಕದ ಮೂರು ಪಾತ್ರಗಳಿಗೆ ಹೀಗೆ ಹಂಚಿದೆವು. ಊರ ಯಜಮಾನಿ ಹೆಚ್ಚು ನಿಂತೇ ಮಾತಾಡ್ತಾಳೆ, ಬೆರಳು ತೋರಿಸಿ ಗದರಿಸ್ತಾಳೆ. ಅವಳಿಗೆ ಬಿಷಪ್, ಬೆರಳು ಎತ್ತಿದಾಗ ತೋಳು ಜಾರಬಾರದು, ಹಿಂದಿನ ಸಾಲಿಗೂ ಕೈಯ ಚಲನೆ ದೊಡ್ಡದಾಗಿ ಕಾಣಬೇಕು. ಕನಸಿನ ದೃಶ್ಯದ ಹುಡುಗಿಗೆ ಬೆಲ್, ಅವಳ ಕೈ ಮೇಲೇಳುವಾಗ ಬಟ್ಟೆ ಜಾರೋದೇ ಆ ದೃಶ್ಯದ ಚೆಲುವು. ಮೂಟೆ ಹೊರೋ ಹುಡುಗನಿಗೆ ಹೆಣೆದ ಬಟ್ಟೆಯ ರಾಗ್ಲಾನ್, ಭುಜದ ಮೇಲೆ ಮೂಟೆ ಕೂರೋ ಜಾಗದಲ್ಲಿ ಹೊಲಿಗೆ ಒತ್ತಲ್ಲ. ಡಾಲ್ಮನ್ ಯಾರಿಗೂ ಕೊಡಲಿಲ್ಲ, ಮೂವರೂ ಒಂದಲ್ಲ ಒಂದು ಸಲ ಕೈಯನ್ನ ತಲೆ ಮೇಲೆ ಎತ್ತುತ್ತಾರೆ.

ನೀವು ಅಂಗಡಿಯ ಟ್ರಯಲ್ ರೂಮಿನಲ್ಲಿ ಮಾಡಬೇಕಾದ್ದು ಇಷ್ಟೇ. ಮೊದಲು ಕೈ ಕೆಳಗೆ ಬಿಟ್ಟು ಕನ್ನಡಿ ನೋಡಿ, ಕಂಕುಳ ಹತ್ತಿರ ಎಷ್ಟು ಮಡಿಕೆ ಇದೆ ಅಂತ. ಆಮೇಲೆ ಒಂದು ಕೈಯನ್ನ ಬಸ್ಸಿನ ಕಂಬಿ ಹಿಡಿದ ಹಾಗೆ ಎತ್ತಿ, ಟಾಪ್‌ನ ಕೆಳ ಅಂಚು ಎಷ್ಟು ಮೇಲೆ ಬಂತು ನೋಡಿ. ಎರಡು ಬೆರಳಗಲ ಬಂದರೆ ದಿನಾ ಹಾಕಬಹುದು. ಒಂದು ಗೇಣು ಬಂದರೆ ಅದು ಫೋಟೋಗೆ ಮಾತ್ರ. ಇನ್ನು ಟೈಲರ್ ಹತ್ತಿರ ಹೊಲಿಸೋರು ಹೆಸರು ಹೇಳಿ ಸುಮ್ಮನಾಗಬೇಡಿ. ಹೊಲಿಗೆ ಎಲ್ಲಿಂದ ಎಲ್ಲಿಗೆ ಬರಬೇಕು, ಹೆಚ್ಚಿನ ಬಟ್ಟೆ ಎಲ್ಲಿರಬೇಕು, ಈ ಎರಡನ್ನ ಕೈಯಲ್ಲಿ ಮುಟ್ಟಿ ತೋರಿಸಿ. ಹೆಸರು ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ, ಮುಟ್ಟಿ ತೋರಿಸಿದ ಜಾಗ ಎಲ್ಲರಿಗೂ ಒಂದೇ.